ಜೋಡಿಸಿದ ಡೆಸ್ಕ್‌ಟಾಪ್ ಊರು ಬದಲಿಸುವಾಗ

ಡೆಸ್ಕ್‌ಟಾಪ್ ಕಂಪ್ಯೂಟರನ್ನು ಸಾಗಿಸುವಾಗ ಹೆಚ್ಚು ಪೆಟ್ಟು ತಿನ್ನುವ ಭಾಗಗಳು ಎರಡು: ಪ್ರೊಸೆಸರ್ ಮೇಲೆ ಕೂತ ಕೂಲರ್ ಮತ್ತು ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಮೇಜಿನ ಮೇಲೆ ನಿಂತಿರುವಾಗ ಅದರೊಳಗಿನ ಮದರ್‌ಬೋರ್ಡ್ ಗೋಡೆಯಂತೆ ಲಂಬವಾಗಿರುತ್ತದೆ. ಕೂಲರ್ ಮತ್ತು ಕಾರ್ಡ್ ಎರಡೂ ಆ ಗೋಡೆಯಿಂದ ಸಜ್ಜದ ಹಾಗೆ ಹೊರಚಾಚಿಕೊಂಡಿರುತ್ತವೆ. ದೊಡ್ಡ ಟವರ್ ಕೂಲರ್ ಒಂದು ಕೆ.ಜಿ. ದಾಟುವುದುಂಟು, ದುಬಾರಿ ಕಾರ್ಡುಗಳು ಎರಡು ಕೆ.ಜಿ.ವರೆಗೂ ತೂಗುತ್ತವೆ. ಅಲುಗಾಡದೆ ನಿಂತಿರುವಷ್ಟು ದಿನ ಈ ಭಾರವನ್ನು ಬೋರ್ಡ್ ತಾಳಿಕೊಳ್ಳುತ್ತದೆ. ವಾಹನ ಗುಂಡಿಗೆ ಇಳಿದಾಗ ಮಾತ್ರ ಅದೇ ಭಾರ ಒಂದು ಕ್ಷಣ ಹಲವು ಪಟ್ಟು ಹೆಚ್ಚಿ, ಸನ್ನೆಗೋಲು ಮೀಟಿದಂತೆ ಸ್ಲಾಟನ್ನೂ ಕೂಲರಿನ ಬಿಗಿತವನ್ನೂ ಎಳೆಯುತ್ತದೆ. ಆಗ ಸ್ಲಾಟಿನ ಅಂಚು ಸೀಳಬಹುದು. ಭಾರದ ಕಾರ್ಡಾದರೆ ಅದರ ಹಲಗೆಯೇ ಲ್ಯಾಚ್ ಹಿಡಿಯುವ ಮೂಲೆಯಲ್ಲಿ ಬಿರುಕು ಬಿಡಬಹುದು.

ಇದಕ್ಕೆ ಮೊದಲ ಪರಿಹಾರಕ್ಕೆ ಒಂದು ಪೈಸೆಯೂ ಬೇಡ. ಗಾಜಿನ ಬದಿ ಮೇಲಕ್ಕೆ, ಮದರ್‌ಬೋರ್ಡ್ ಕೆಳಕ್ಕೆ ಬರುವಂತೆ ಕ್ಯಾಬಿನೆಟ್ಟನ್ನು ಮಲಗಿಸಬೇಕು. ಆಗ ಕೂಲರಿನ ತೂಕ ನೇರವಾಗಿ ಪ್ರೊಸೆಸರ್ ಮೇಲೆ ಬೀಳುತ್ತದೆ, ಕಾರ್ಡಿನ ತೂಕ ಸ್ಲಾಟಿನೊಳಕ್ಕೇ ಒತ್ತುತ್ತದೆ. ಸ್ವಂತ ಕಾರಿನಲ್ಲಿ ಊರೊಳಗೆ ನಾಲ್ಕಾರು ಕಿ.ಮೀ. ಒಯ್ಯುವುದಾದರೆ, ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ ಸಮ ಮಾಡಿ, ಹೀಗೆ ಮಲಗಿಸಿ ಸೀಟ್ ಬೆಲ್ಟ್ ಬಿಗಿದರೆ ಸಾಕು.

ದೂರದ ದಾರಿಗೆ ಇಷ್ಟು ಸಾಲದು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರೊಬ್ಬರು ಮಂಗಳೂರಿಗೆ ಮನೆ ಬದಲಿಸುತ್ತಾರೆ ಎಂದುಕೊಳ್ಳೋಣ. ಸುಮಾರು 350 ಕಿ.ಮೀ. ದಾರಿ, ನಡುವೆ ಶಿರಾಡಿ ಘಾಟಿ, ಸಾಮಾನೆಲ್ಲ ಲಾರಿಯಲ್ಲಿ. ಕಂಪ್ಯೂಟರಿನಲ್ಲಿರುವುದು ರೈಜನ್ 5 5600 ಪ್ರೊಸೆಸರ್, ಎರಡು ಫ್ಯಾನಿನ ಟವರ್ ಕೂಲರ್, ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್. ಲಾರಿಯಲ್ಲಿ ಪೆಟ್ಟಿಗೆಯನ್ನು ಯಾರು ಯಾವ ಬದಿಗೆ ಇಡುತ್ತಾರೋ ಹೇಳಲಾಗದು. ಆದ್ದರಿಂದ ಕಾರ್ಡ್ ಮತ್ತು ಕೂಲರ್ ಎರಡನ್ನೂ ಬಿಚ್ಚುವುದೇ ಸರಿ.

ಮೊದಲು ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಡ್ರೈವಿನಲ್ಲಿ ಇರಲಿ. ಒಳಗಿನ ವೈರುಗಳ ಫೋಟೊ ತೆಗೆದುಕೊಂಡರೆ ಮರಳಿ ಜೋಡಿಸುವಾಗ ತಡಕಾಡಬೇಕಿಲ್ಲ. ನಂತರ ಹತ್ತು ನಿಮಿಷ ಯಾವುದಾದರೂ ಗೇಮ್ ಓಡಿಸಬೇಕು. ಇದು ಆಟಕ್ಕಲ್ಲ, ಕೂಲರಿಗೂ ಪ್ರೊಸೆಸರಿಗೂ ನಡುವಿನ ಥರ್ಮಲ್ ಪೇಸ್ಟ್ ಬಿಸಿಯಾಗಿ ಮೆತ್ತಗಾಗಲೆಂದು. ಬಳಿಕ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿದರೆ ಒಳಗೆ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಕೆಲಸಕ್ಕೆ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿದರೆ ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಇಳಿಯುತ್ತದೆ.

ಮೊದಲ ಸರದಿ ಕಾರ್ಡಿನದು, ಏಕೆಂದರೆ ಅದು ಹೊರಬಂದರೆ ಕೂಲರಿನತ್ತ ಕೈಯಾಡಿಸಲು ಜಾಗ ಸಿಗುತ್ತದೆ. ಪವರ್ ಕೇಬಲಿನ ಕ್ಲಿಪ್ ಒತ್ತಿ ಎಳೆಯಬೇಕು, ವೈರ್ ಹಿಡಿದು ಜಗ್ಗಬಾರದು. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದ ಮೇಲೆ ಸ್ಲಾಟಿನ ತುದಿಯಲ್ಲಿ ಕಾರ್ಡಿನ ಅಡಿಗೆ ಅಡಗಿರುವ ಸಣ್ಣ ಪ್ಲಾಸ್ಟಿಕ್ ಲ್ಯಾಚನ್ನು ಒತ್ತಬೇಕು. ಅವಸರದಲ್ಲಿ ಹೆಚ್ಚಾಗಿ ಮುರಿಯುವುದು ಇದೇ. ಬೆರಳು ಹೋಗದಿದ್ದರೆ ಮರದ ಕಡ್ಡಿ ಬಳಸಬಹುದು. ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ತಂತುಗಳೇ ಗೀಚಿಹೋಗುತ್ತವೆ. ಲ್ಯಾಚ್ ಬಿಟ್ಟ ಮೇಲೆ ಕಾರ್ಡ್ ನೇರವಾಗಿ ಹೊರಬರುತ್ತದೆ. ಅದನ್ನು ಆ್ಯಂಟಿಸ್ಟ್ಯಾಟಿಕ್ ಚೀಲಕ್ಕೆ ಹಾಕಿ, ಅದರ ಮೇಲೆ ಬಬಲ್ ರ್‍ಯಾಪ್ ಸುತ್ತಿ, ಕಾರ್ಡ್ ಬಂದ ಮೂಲ ಪೆಟ್ಟಿಗೆಯಿದ್ದರೆ ಅದರಲ್ಲೇ ಇಡುವುದು ಒಳ್ಳೆಯದು. ಬಬಲ್ ರ್‍ಯಾಪ್ ನೇರವಾಗಿ ಕಾರ್ಡಿಗೆ ತಾಗಬಾರದು, ಮಾಮೂಲಿ ಪ್ಲಾಸ್ಟಿಕ್ ಉಜ್ಜಿದಾಗ ಸ್ಥಾಯಿ ವಿದ್ಯುತ್ತು ಹುಟ್ಟುತ್ತದೆ.

ಕೂಲರ್ ಬಿಚ್ಚುವಾಗ ಈ ಪ್ರೊಸೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎಎಂ4 ಸಾಕೆಟಿನ ರೈಜನ್‌ಗಳಿಗೆ ಅಡಿಯಲ್ಲಿ 1,331 ಕೂದಲೆಳೆಯಂಥ ಪಿನ್‌ಗಳಿವೆ. ಸಾಕೆಟಿನ ಸನ್ನೆ ಆ ಪಿನ್‌ಗಳನ್ನಷ್ಟೇ ಹಿಡಿದಿರುತ್ತದೆ, ಪ್ರೊಸೆಸರಿನ ಮೇಲೆ ಒತ್ತುವ ಚೌಕಟ್ಟು ಇರುವುದಿಲ್ಲ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿದ್ದಾಗ ಕೂಲರನ್ನು ಮೇಲಕ್ಕೆ ಜಗ್ಗಿದರೆ, ಸನ್ನೆ ಬಿಗಿಯಾಗಿದ್ದರೂ ಪ್ರೊಸೆಸರ್ ಅದರ ಜತೆಗೇ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಬಿಸಿ ಮಾಡಿದ್ದು ಇದಕ್ಕಾಗಿಯೇ. ಫ್ಯಾನ್ ವೈರ್ ಬಿಡಿಸಿ, ಎರಡೂ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಬೇಕು. ಪೇಸ್ಟ್ ಬಿಟ್ಟಿದ್ದು ಕೈಗೇ ತಿಳಿಯುತ್ತದೆ, ಆಮೇಲೆ ಎತ್ತಬೇಕು. ಇಂಟೆಲ್ ಮತ್ತು ಎಎಂ5 ಬೋರ್ಡುಗಳಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಒತ್ತಿ ಹಿಡಿದಿರುವುದರಿಂದ ಈ ಅಪಾಯ ಇಲ್ಲ. ಬಿಚ್ಚಿದ ಮೇಲೆ ಪ್ರೊಸೆಸರ್ ಸಾಕೆಟಿನಲ್ಲೇ ಇರಲಿ; ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಊರು ಸೇರಿದ ಮೇಲೆ ಹೊಸದು ಹಚ್ಚಬೇಕು. ಹಳೆಯ ಪೇಸ್ಟಿನ ಮೇಲೆಯೇ ಕೂಲರ್ ಕೂರಿಸಿದರೆ ನಡುವೆ ಗಾಳಿ ಸೇರಿ ಶಾಖ ಸರಿಯಾಗಿ ದಾಟದು.

ಪ್ರೊಸೆಸರ್ ಜತೆ ಬರುವ ಚಿಕ್ಕ ಕೂಲರನ್ನು ಬಿಚ್ಚಬೇಕಿಲ್ಲ. ಕಾರ್ಖಾನೆಯಲ್ಲೇ ಮುಚ್ಚಿ ಬಂದ ಲಿಕ್ವಿಡ್ ಕೂಲರನ್ನೂ ಹಾಗೆಯೇ ಬಿಡಬಹುದು, ಅದರ ಭಾರದ ರೇಡಿಯೇಟರ್ ಕ್ಯಾಬಿನೆಟ್ಟಿಗೇ ಸ್ಕ್ರೂ ಆಗಿರುತ್ತದೆ. ಕೈಯಾರೆ ಕೊಳವೆ ಜೋಡಿಸಿ ದ್ರವ ತುಂಬಿದ ವ್ಯವಸ್ಥೆಯನ್ನು ಮಾತ್ರ ಖಾಲಿ ಮಾಡಿಯೇ ಹೊರಡಿಸಬೇಕು.

ಇನ್ನು ಪೆಟ್ಟಿಗೆ. ಕ್ಯಾಬಿನೆಟ್ ಬಂದ ರಟ್ಟಿನ ಪೆಟ್ಟಿಗೆ, ಅದರ ಥರ್ಮಾಕೋಲ್ ಅಚ್ಚು ಉಳಿದಿದ್ದರೆ ಅದಕ್ಕಿಂತ ಚೆನ್ನಾದದ್ದು ಸಿಗದು. ಇಲ್ಲದಿದ್ದರೆ ಐದು ಅಥವಾ ಏಳು ಪದರದ ಪೆಟ್ಟಿಗೆ ತಂದು ಎಲ್ಲ ಬದಿಗೂ ಐದು ಸೆಂ.ಮೀ. ದಪ್ಪ ಫೋಮ್ ಕೊಡಬೇಕು. ಸುಕ್ಕಿದ ಪೇಪರ್ ದಾರಿಯಲ್ಲಿ ಒತ್ತಿ ಕುಗ್ಗಿ ಸಡಿಲ ಬಿಡುತ್ತದೆ. ಗಾಜಿನ ಬಾಗಿಲನ್ನು ಕಳಚಿ ಬೇರೆ ಸುತ್ತಬೇಕು; ಟೆಂಪರ್ಡ್ ಗಾಜಿನ ಮೈ ಗಟ್ಟಿ, ಆದರೆ ಮೂಲೆಗೆ ಸಣ್ಣ ಪೆಟ್ಟು ಬಿದ್ದರೂ ಇಡೀ ಗಾಜು ಹರಳು ಹರಳಾಗುತ್ತದೆ, ಹಾಗಾಗಿ ಮೂಲೆಗಳಿಗೆ ಹೆಚ್ಚು ಫೋಮ್ ಬೇಕು. ಟೇಪ್ ಹಾಕಿದ ಮೇಲೆ ಪೆಟ್ಟಿಗೆ ಅಲುಗಾಡಿಸಿ ನೋಡಿದಾಗ ಒಳಗಿಂದ ಯಾವ ಸದ್ದೂ ಬರಬಾರದು.

ವಿಮಾನದಲ್ಲಾದರೆ ಲೆಕ್ಕ ಬೇರೆ. ಕಾರ್ಡ್ ಮತ್ತು ಹಾರ್ಡ್‌ಡಿಸ್ಕ್ ಕೈಚೀಲದಲ್ಲಿ, ಸ್ಕ್ರೂಡ್ರೈವರ್ ಮತ್ತು ಕ್ಯಾಬಿನೆಟ್ ಚೆಕ್-ಇನ್‌ನಲ್ಲಿ ಇರಬೇಕು. ಭದ್ರತಾ ಸಿಬ್ಬಂದಿ ಕಾರ್ಡನ್ನು ತೆಗೆದು ತೋರಿಸಲು ಹೇಳಬಹುದು, ಪೆಟ್ಟಿಗೆಯನ್ನೂ ತೆರೆಸಬಹುದು. ಮರಳಿ ಮುಚ್ಚಲಾಗದಂತೆ ಪ್ಯಾಕ್ ಮಾಡಬಾರದು. ಒಡೆಯುವ ಸಾಮಾನು ಎಂದು ಗೊತ್ತಾದರೆ ಕೌಂಟರಿನಲ್ಲಿ ಹಾನಿಗೆ ವಿಮಾನ ಸಂಸ್ಥೆ ಹೊಣೆಯಲ್ಲ ಎಂಬ ಟ್ಯಾಗಿಗೆ ಸಹಿ ಕೇಳುವುದುಂಟು. ಏರ್ ಕೊರಿಯರ್‌ನಲ್ಲಿ ಕಳಿಸಿದರೆ ತೂಕಕ್ಕಿಂತ ಗಾತ್ರವೇ ದುಬಾರಿ. ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ರೂಢಿ: 60, 60, 35 ಸೆಂ.ಮೀ. ಪೆಟ್ಟಿಗೆಗೆ 25.2 ಕೆ.ಜಿ. ಬರುತ್ತದೆ, ಒಳಗಿನ ತೂಕ 12 ಕೆ.ಜಿ. ಇದ್ದರೂ ಹಣ ಕಟ್ಟಬೇಕಾದ್ದು ಈ ಲೆಕ್ಕಕ್ಕೇ.

ಮಂಗಳೂರು ತಲುಪಿದ ಕೂಡಲೇ ಸ್ವಿಚ್ ಒತ್ತಬಾರದು. ತಂಪು ಜಾಗದಿಂದ ಬಂದ ಲೋಹಕ್ಕೆ ಕರಾವಳಿಯ ತೇವ ಗಾಳಿ ತಾಗಿದರೆ ಸಣ್ಣ ನೀರಹನಿ ಕಟ್ಟಬಹುದು, ಒಂದೆರಡು ಗಂಟೆ ಬಿಡಬೇಕು. ಒಳಗೆ ತುರುಕಿದ ಫೋಮ್ ಎಲ್ಲವೂ ಹೊರಬಂದಿದೆಯೇ, ರ್‍ಯಾಮ್ ಮತ್ತು 24 ಪಿನ್ನಿನ ಕೇಬಲ್ ಗಟ್ಟಿಯಾಗಿವೆಯೇ ಎಂದು ಒತ್ತಿ ನೋಡಿದ ಮೇಲೆ ಹೊಸ ಪೇಸ್ಟ್, ಕೂಲರ್, ಕೊನೆಗೆ ಕಾರ್ಡ್. ಕಾರ್ಡ್ ಕೂತಾಗ ಲ್ಯಾಚ್ ಟಕ್ಕೆನ್ನಬೇಕು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲು ರ್‍ಯಾಮ್, ಬಳಿಕ ಕಾರ್ಡ್ ತೆಗೆದು ಮರಳಿ ಕೂರಿಸಬೇಕು. ಮೊದಲ ಸಲ ನೇರ ಬಯಾಸ್‌ಗೆ ಹೋಗಿ ಪ್ರೊಸೆಸರಿನ ಉಷ್ಣತೆ ನೋಡುವುದು ಕ್ಷೇಮ. 40-50 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ಕೂಲರ್ ಸರಿಯಾಗಿ ಕೂತಿದೆ. ನೋಡನೋಡುತ್ತಲೇ 90ರತ್ತ ಏರಿದರೆ ತಕ್ಷಣ ಆರಿಸಿ, ಸ್ಕ್ರೂಗಳನ್ನೂ ಪೇಸ್ಟನ್ನೂ ಮತ್ತೆ ಪರೀಕ್ಷಿಸಬೇಕು.