ಕೀಲಿಕೈ ತಡವಾದರೆ ಬಿಲ್ಡರ್ ಕೊಡಬೇಕಾದ ಬಡ್ಡಿ ಎಷ್ಟು?

ಬೆಂಗಳೂರಿನ ಫ್ಲ್ಯಾಟ್ ಒಪ್ಪಂದಗಳಲ್ಲಿ ಹೆಚ್ಚಾಗಿ ಕಾಣುವ ಷರತ್ತೊಂದಿದೆ. ಮನೆಯ ಸ್ವಾಧೀನ ತಡವಾದರೆ ಬಿಲ್ಡರ್ ತಿಂಗಳಿಗೆ ಚದರಡಿಗೆ 5 ರೂಪಾಯಿಯಂತೆ ಪರಿಹಾರ ಕೊಡುತ್ತಾನೆ ಎಂಬುದು ಅದರ ಸಾರ. ಅದೇ ಒಪ್ಪಂದದ ಬೇರೊಂದು ಪುಟದಲ್ಲಿ, ಖರೀದಿದಾರ ಕಂತು ತಡಮಾಡಿದರೆ ವರ್ಷಕ್ಕೆ ಶೇ. 18ರಷ್ಟು ಬಡ್ಡಿ ಕಟ್ಟಬೇಕೆಂದೂ ಇರುತ್ತದೆ. ಸಹಿ ಹಾಕುವ ದಿನ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಕೆಲಸ ನಿಂತು, ಮನೆ ಬಾಡಿಗೆಯ ಜೊತೆಗೆ ಬ್ಯಾಂಕಿನ ಇಎಂಐಯನ್ನೂ ಕಟ್ಟುವ ಸ್ಥಿತಿ ಬಂದಾಗಲೇ ಆ ಪುಟಗಳು ನೆನಪಾಗುತ್ತವೆ.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವು ರೇರಾ ಎನ್ನುವ ಕಾನೂನು, ಈ ಅಸಮಾನತೆಯನ್ನು ತೆಗೆದುಹಾಕಿದೆ. ತಡಮಾಡಿದ ಖರೀದಿದಾರನಿಗೆ ಯಾವ ದರವೋ ತಡಮಾಡಿದ ಬಿಲ್ಡರ್‌ಗೂ ಅದೇ ದರ. ಕರ್ನಾಟಕದ 2017ರ ನಿಯಮಗಳ ಪ್ರಕಾರ ಆ ದರವೆಂದರೆ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ ಮತ್ತು ಅದರ ಮೇಲೆ ಶೇ. 2. ಎಂಸಿಎಲ್‌ಆರ್ ಎಂದರೆ ಬ್ಯಾಂಕು ಸಾಲ ಕೊಡುವಾಗ ಆಧಾರವಾಗಿ ಇಟ್ಟುಕೊಳ್ಳುವ ದರ. ಅದು ಆಗಾಗ ಬದಲಾಗುವುದರಿಂದ ರೇರಾ ಬಡ್ಡಿಯೂ ಇತ್ತೀಚಿನ ವರ್ಷಗಳಲ್ಲಿ ಸುಮಾರು ಶೇ. 9ರಿಂದ 11ರ ನಡುವೆ ಏರಿಳಿದಿದೆ.

ಇದು ಕಾಗದದ ಮೇಲಿನ ಸಣ್ಣ ವ್ಯತ್ಯಾಸವಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಸರ್ಜಾಪುರ ರಸ್ತೆಯಲ್ಲಿ 1,200 ಚದರಡಿಯ, 80 ಲಕ್ಷ ರೂಪಾಯಿಯ ಫ್ಲ್ಯಾಟ್ ಒಂದನ್ನು ಒಬ್ಬರು ಕೊಂಡಿದ್ದಾರೆ ಎಂದು ಊಹಿಸಿಕೊಳ್ಳಿ. ಒಪ್ಪಂದವಾದದ್ದು 2020ರ ಡಿಸೆಂಬರಿನಲ್ಲಿ. ಸ್ವಾಧೀನದ ದಿನ 2021ರ ಡಿಸೆಂಬರ್ 31, ಜೊತೆಗೆ ಆರು ತಿಂಗಳ ಹೆಚ್ಚುವರಿ ಅವಧಿ. ಅಂದರೆ 2022ರ ಜೂನ್ 30 ಕೊನೆಯ ಗಡುವು. ಅಷ್ಟರೊಳಗೆ ಅವರು 64 ಲಕ್ಷ ಕಟ್ಟಿದ್ದಾರೆ. ಗಡುವು ಮೀರಿದ ಮೇಲೂ ಬಿಲ್ಡರ್ ಮಾತು ನಂಬಿ, 2023ರ ಜನವರಿ 1ರಂದು ಇನ್ನೂ 6 ಲಕ್ಷ ಕಟ್ಟಿದ್ದಾರೆ. ಐದನೇ ಮಹಡಿಯ ಗೋಡೆ ಎದ್ದ ಮೇಲೆ ಕೆಲಸ ನಿಂತಿದೆ.

ಲೆಕ್ಕ ಸುಲಭವಾಗಲೆಂದು ಬಡ್ಡಿಯನ್ನು ಶೇ. 10 ಎಂದೇ ಹಿಡಿಯೋಣ. 64 ಲಕ್ಷಕ್ಕೆ ವರ್ಷಕ್ಕೆ 6.4 ಲಕ್ಷ. 2022ರ ಜುಲೈ 1ರಿಂದ 2025ರ ಜೂನ್ 30ರವರೆಗಿನ ಮೂರು ವರ್ಷಕ್ಕೆ 19.2 ಲಕ್ಷ. ಆಮೇಲೆ ಕಟ್ಟಿದ 6 ಲಕ್ಷಕ್ಕೆ, ಅದನ್ನು ಕಟ್ಟಿದ ದಿನದಿಂದ ಎರಡೂವರೆ ವರ್ಷಕ್ಕೆ 1.5 ಲಕ್ಷ. ಒಟ್ಟು 20.7 ಲಕ್ಷ. ಒಪ್ಪಂದದ ಚದರಡಿ ಲೆಕ್ಕದಲ್ಲಿ ಇದೇ ಅವಧಿಗೆ ಸಿಗುತ್ತಿದ್ದದ್ದು ತಿಂಗಳಿಗೆ 6,000ದಂತೆ 2.16 ಲಕ್ಷ ಮಾತ್ರ.

ಈ ಲೆಕ್ಕದಲ್ಲಿ ಎಡವುವ ಜಾಗಗಳಿವೆ. ಬಡ್ಡಿ ಬರುವುದು ಕಟ್ಟಿದ ಹಣಕ್ಕೇ ಹೊರತು ಫ್ಲ್ಯಾಟಿನ ಪೂರ್ತಿ ಬೆಲೆಗಲ್ಲ. ಬ್ಯಾಂಕು ನಿಮ್ಮ ಹೆಸರಿನಲ್ಲಿ ಬಿಲ್ಡರ್‌ಗೆ ಕೊಟ್ಟ ಸಾಲದ ಹಣವೂ ನೀವು ಕಟ್ಟಿದ ಹಣವೇ. ಆದರೆ ನೀವು ಬ್ಯಾಂಕಿಗೆ ತೆತ್ತ ಬಡ್ಡಿಯನ್ನು ಇದಕ್ಕೆ ಸೇರಿಸುವಂತಿಲ್ಲ. ಇಲ್ಲಿ ಲೆಕ್ಕ ಹಾಕುವುದು ಸರಳ ಬಡ್ಡಿ, ಚಕ್ರಬಡ್ಡಿಯಲ್ಲ. ಒಪ್ಪಂದದಲ್ಲಿ ಹೆಚ್ಚುವರಿ ಅವಧಿ ಬರೆದಿದ್ದರೆ ಅದನ್ನು ಬಿಟ್ಟು ಎಣಿಸುವುದು ಸುರಕ್ಷಿತ. ದರ ಬದಲಾದ ಅವಧಿಗಳನ್ನು ಬೇರೆಬೇರೆಯಾಗಿ ತೋರಿಸಿದ ಲೆಕ್ಕದ ಪಟ್ಟಿ ದೂರಿನ ಜೊತೆ ಇದ್ದರೆ ವಿಚಾರಣೆಯ ದಿನ ತಡಕಾಡಬೇಕಿಲ್ಲ.

ದೂರಿಗೆ ಮೊದಲು ಇನ್ನೊಂದು ನಿರ್ಧಾರ ಆಗಬೇಕು: ಮನೆ ಬೇಕೋ, ಹಣ ಬೇಕೋ? ಕಾಯ್ದೆಯ 18ನೇ ಸೆಕ್ಷನ್ ಎರಡೂ ದಾರಿ ಕೊಡುತ್ತದೆ. ಮನೆ ಬೇಕೆನ್ನುವವರಿಗೆ ಮೇಲೆ ಹೇಳಿದಂತೆ, ಗಡುವು ಮೀರಿದ ದಿನದಿಂದ ಸ್ವಾಧೀನ ಸಿಗುವವರೆಗೆ ಪ್ರತಿ ತಿಂಗಳ ಬಡ್ಡಿ. ಯೋಜನೆಯಿಂದ ಹೊರಬರುವವರಿಗೆ ಕಟ್ಟಿದ ಹಣವೆಲ್ಲ ವಾಪಸ್ಸು, ಪ್ರತಿ ಕಂತಿಗೂ ಅದನ್ನು ಕಟ್ಟಿದ ದಿನದಿಂದಲೇ ಬಡ್ಡಿ. ನಮ್ಮ ಉದಾಹರಣೆಯ ಖರೀದಿದಾರ 2020ರಲ್ಲಿ ಕೊಟ್ಟ ಮುಂಗಡಕ್ಕೆ ಮೊದಲ ದಾರಿಯಲ್ಲಿ 2022ರ ಜುಲೈಯಿಂದ ಬಡ್ಡಿ ಓಡಿದರೆ, ಎರಡನೆಯದರಲ್ಲಿ 2020ರಿಂದಲೇ ಓಡುತ್ತದೆ. ಬಡ್ಡಿಯ ಮೊತ್ತ ಹೆಚ್ಚು ನಿಜ, ಆದರೆ ಅಷ್ಟರಲ್ಲಿ ಆ ಪ್ರದೇಶದಲ್ಲಿ ಮನೆಗಳ ಬೆಲೆ ಏರಿದ್ದರೆ ಆ ಲಾಭ ಕೈತಪ್ಪುತ್ತದೆ. ಕಟ್ಟಡ ಮುಕ್ಕಾಲು ಮುಗಿದಿದ್ದರೆ ಮೊದಲ ದಾರಿ, ಅಡಿಪಾಯದಲ್ಲೇ ನಿಂತಿದ್ದರೆ ಎರಡನೆಯದು ಎಂಬುದು ಸಾಮಾನ್ಯ ವಿವೇಕ.

ಹಣ ವಾಪಸ್ ಕೇಳುವ ಹಕ್ಕು ಎಷ್ಟು ಗಟ್ಟಿ ಎಂಬುದನ್ನು ಸುಪ್ರೀಂ ಕೋರ್ಟ್ 2021ರ ನವೆಂಬರಿನ ನ್ಯೂಟೆಕ್ ಪ್ರಮೋಟರ್ಸ್ ತೀರ್ಪಿನಲ್ಲಿ ಹೇಳಿತು. ಗಡುವು ಮೀರಿದರೆ ಈ ಹಕ್ಕಿಗೆ ಯಾವ ಷರತ್ತೂ ಇಲ್ಲ. ತಡಕ್ಕೆ ಕಾರಣ ಏನೇ ಇರಲಿ, ಹಣ ಮರಳಿಸಬೇಕು. ಯಾರ ಮುಂದೆ ಯಾವ ಬೇಡಿಕೆ ಇಡಬೇಕೆಂಬ ಗೊಂದಲವನ್ನೂ ಅದೇ ತೀರ್ಪು ಬಗೆಹರಿಸಿತು. ಬಡ್ಡಿ ಮತ್ತು ಹಣ ವಾಪಸಾತಿಯನ್ನು ಕೇಳಬೇಕಾದದ್ದು ಪ್ರಾಧಿಕಾರದ ಮುಂದೆ. ಕರ್ನಾಟಕದಲ್ಲಿ ಅದಕ್ಕೆ ಫಾರಂ ಎನ್. ಕಟ್ಟಿದ ಬಾಡಿಗೆ, ಮಾನಸಿಕ ಯಾತನೆ ಮುಂತಾದ ಪರಿಹಾರ ಕೇಳಬೇಕಾದದ್ದು ನ್ಯಾಯನಿರ್ಣಯಾಧಿಕಾರಿಯ ಮುಂದೆ. ಅದಕ್ಕೆ ಫಾರಂ ಒ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಪ್ರಾಧಿಕಾರ ಬಡ್ಡಿಯನ್ನಷ್ಟೇ ತೀರ್ಮಾನಿಸಿ, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನುತ್ತದೆ.

ದೂರು ಸಲ್ಲಿಸುವುದು rera.karnataka.gov.in ತಾಣದಲ್ಲಿ. ವಕೀಲರನ್ನು ಇಡಲೇಬೇಕೆಂದಿಲ್ಲ, ಖರೀದಿದಾರರೇ ವಾದಿಸಬಹುದು. ಯೋಜನೆಯ ನೋಂದಣಿ ಸಂಖ್ಯೆ, ಮಾರಾಟ ಒಪ್ಪಂದ, ಅದರ ಜೊತೆಗಿದ್ದರೆ ನಿರ್ಮಾಣ ಒಪ್ಪಂದ, ಪ್ರತಿ ಕಂತಿನ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ಡರ್ ಕಳಿಸಿದ ಇಮೇಲ್‌ಗಳು ಬೇಕು. ರಸೀದಿ ಕಳೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲು ಸಾಕ್ಷಿಯಾಗುತ್ತದೆ. ನಗದಾಗಿ ಕೊಟ್ಟು ರಸೀದಿ ಪಡೆಯದ ಹಣವನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಇನ್ನು ಬಿಲ್ಡರ್‌ನ ಉತ್ತರ. ಹೆಚ್ಚಾಗಿ ಬರುವ ಮೊದಲ ವಾದ, ಪ್ರಾಧಿಕಾರವೇ ಯೋಜನೆಯ ಅವಧಿಯನ್ನು ವಿಸ್ತರಿಸಿದೆ, ಆದ್ದರಿಂದ ತಡವಾಗಿಲ್ಲ ಎನ್ನುವುದು. ಆದರೆ ತಾಣದಲ್ಲಿ ಕಾಣುವ ಮುಕ್ತಾಯ ದಿನಾಂಕ ಬಿಲ್ಡರ್ ಮತ್ತು ಪ್ರಾಧಿಕಾರದ ನಡುವಿನ ವಿಷಯ. ಬಡ್ಡಿ ಎಣಿಸುವುದು ನಿಮ್ಮ ಒಪ್ಪಂದದ ದಿನಾಂಕದಿಂದ. ಬಾಂಬೆ ಹೈಕೋರ್ಟ್ 2017ರ ನೀಲಕಮಲ್ ಪ್ರಕರಣದಲ್ಲಿಯೇ ಇದನ್ನು ಹೇಳಿತ್ತು: ನೋಂದಣಿಯಲ್ಲಿ ಹೊಸ ದಿನಾಂಕ ಕೊಟ್ಟ ಮಾತ್ರಕ್ಕೆ ಹಳೆಯ ಒಪ್ಪಂದ ತಿದ್ದಿದಂತಾಗುವುದಿಲ್ಲ. ಎರಡನೆಯ ವಾದ ಕೋವಿಡ್. 2020ರಲ್ಲಿ ಯೋಜನೆಗಳಿಗೆ ಆರು ತಿಂಗಳ ವಿನಾಯಿತಿ ಸಿಕ್ಕಿದ್ದು ನಿಜ. ಆದರೆ ಕೋವಿಡ್ ಬಂದ ಮೇಲೆ, ಎಲ್ಲ ತಿಳಿದೇ ಬರೆದ ಗಡುವಿಗೆ ಅದೇ ನೆಪ ಹೇಳಿದರೆ ಒಪ್ಪಿಸುವುದು ಕಷ್ಟ. ಕಾರ್ಮಿಕರು ಸಿಗಲಿಲ್ಲ, ಸಿಮೆಂಟ್ ದುಬಾರಿಯಾಯಿತು ಎಂಬುವು ಕಾಯ್ದೆ ಹೇಳುವ ಅನಿವಾರ್ಯ ಕಾರಣಗಳ ಪಟ್ಟಿಯಲ್ಲೇ ಇಲ್ಲ. ಅಲ್ಲಿರುವುದು ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥ ಪ್ರಕೃತಿ ವಿಕೋಪಗಳು.

ಮೂರನೆಯದು ವಾದವಲ್ಲ, ಉಪಾಯ. ದೂರು ದಾಖಲಾದ ಮೇಲೆ ಬಿಲ್ಡರ್ ಅವಸರದಲ್ಲಿ ಪತ್ರ ಬರೆಯುತ್ತಾನೆ: ಫ್ಲ್ಯಾಟ್ ಸಿದ್ಧವಾಗಿದೆ, ಒಳಗಿನ ಮರಗೆಲಸ ಶುರುಮಾಡಿಕೊಳ್ಳಿ. ಇದನ್ನು ಸ್ವಾಧೀನವೆಂದು ಒಪ್ಪಿಬಿಟ್ಟರೆ ಬಡ್ಡಿಯ ಗಡಿಯಾರ ನಿಂತಿತೆಂದು ಅವನು ವಾದಿಸಬಹುದು. ಆದರೆ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಇಲ್ಲದ ಸ್ವಾಧೀನ ಕಾನೂನಿನ ಕಣ್ಣಿನಲ್ಲಿ ಸ್ವಾಧೀನವಲ್ಲ. ಓಸಿ ಬಂದ ಮೇಲೆ ಮಾತ್ರ ಎರಡು ತಿಂಗಳೊಳಗೆ ಮನೆಯನ್ನು ವಶಕ್ಕೆ ಪಡೆಯುವುದು ಖರೀದಿದಾರನ ಕರ್ತವ್ಯ. ಆಗಲೂ ನೋಂದಣಿಯ ದಿನ, ಇನ್ನಾವ ಬಾಕಿಯೂ ಇಲ್ಲ ಎಂಬ ಮುಚ್ಚಳಿಕೆಗೆ ಸಹಿ ಕೇಳಿದರೆ, ಬಡ್ಡಿಯ ಹಕ್ಕನ್ನು ಉಳಿಸಿಕೊಂಡೇ ಸಹಿ ಮಾಡುತ್ತಿದ್ದೇನೆ ಎಂದು ಲಿಖಿತವಾಗಿ ತಿಳಿಸಬೇಕು.

ಕಾಯ್ದೆ ದೂರನ್ನು 60 ದಿನದಲ್ಲಿ ತೀರಿಸಬೇಕೆನ್ನುತ್ತದೆ. ವಾಸ್ತವದಲ್ಲಿ ಅದು ತಿಂಗಳುಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಆದೇಶ ಬಂದ ಮೇಲೆ ಬಿಲ್ಡರ್ ಮೇಲ್ಮನವಿ ಹೋಗಬಹುದು, ಆದರೆ ಖರೀದಿದಾರನಿಗೆ ಕೊಡಬೇಕಾದ ಪೂರ್ತಿ ಹಣವನ್ನು ಬಡ್ಡಿಸಹಿತ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಠೇವಣಿ ಇಟ್ಟೇ ಹೋಗಬೇಕು. ಈ ಒಂದು ನಿಯಮದಿಂದಾಗಿ ಎಷ್ಟೋ ಮೇಲ್ಮನವಿಗಳು ರಾಜಿಯಲ್ಲಿ ಮುಗಿಯುತ್ತವೆ.

ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾಗ ನಿಜವಾದ ಕಷ್ಟ ಶುರುವಾಗುತ್ತದೆ. ಆದೇಶ ಜಾರಿಗೆ ಮತ್ತೆ ಅರ್ಜಿ ಹಾಕಬೇಕು. ಪ್ರಾಧಿಕಾರ ವಸೂಲಿ ಪ್ರಮಾಣಪತ್ರ ಹೊರಡಿಸಿ ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಅಲ್ಲಿಂದ ಅದು ತಹಶೀಲ್ದಾರರ ಕೈಗೆ ಹೋಗಿ, ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ತಹಶೀಲ್ದಾರರ ಮೇಜಿನ ಮೇಲೆ ನೂರು ಕೆಲಸಗಳ ನಡುವೆ ಇದೊಂದು. ಬಿಲ್ಡರ್‌ನ ಆಸ್ತಿ ಎಲ್ಲಿದೆ, ಅದರ ಸರ್ವೆ ನಂಬರ್ ಯಾವುದು, ಯಾವ ಬ್ಯಾಂಕಿನಲ್ಲಿ ಖಾತೆಯಿದೆ ಎಂಬ ವಿವರವನ್ನು ಖರೀದಿದಾರನೇ ಒದಗಿಸಿದರೆ ಕಡತ ಬೇಗ ಚಲಿಸುತ್ತದೆ. ಮಾರಾಟವಾಗದೆ ಉಳಿದ ಫ್ಲ್ಯಾಟುಗಳಿದ್ದರೆ ಮುಟ್ಟುಗೋಲಿಗೆ ಅವನ್ನೇ ತೋರಿಸಿ. ಜಮೀನು ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ವಸೂಲಿ ಇನ್ನೂ ಜಟಿಲ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರಂತೂ ಅದರ ಮೇಲಿನ ವಸೂಲಿ ಅಲ್ಲಿಗೇ ನಿಲ್ಲುತ್ತದೆ. ಆಗ ಕೈಯಲ್ಲಿ ರೇರಾ ಆದೇಶವಿದೆ ಎಂದು ಸುಮ್ಮನೆ ಕೂರುವಂತಿಲ್ಲ. ದಿವಾಳಿ ಪ್ರಕ್ರಿಯೆ ನಡೆಸುವ ಅಧಿಕಾರಿಯ ಬಳಿ ಗಡುವಿನೊಳಗೆ ಹಕ್ಕುಸಾಧನೆಯ ಅರ್ಜಿ ಹಾಕಬೇಕು. 2018ರ ತಿದ್ದುಪಡಿಯ ನಂತರ ಮನೆ ಖರೀದಿದಾರರನ್ನು ಅಲ್ಲಿ ಹಣಕಾಸು ಸಾಲಗಾರರ, ಅಂದರೆ ಸಾಲ ಕೊಟ್ಟವರ, ಸಾಲಿನಲ್ಲೇ ಪರಿಗಣಿಸಲಾಗುತ್ತದೆ. ರೇರಾ ಆದೇಶ ಪಡೆದ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ.

ಹೀಗಾಗಿ ಬಡ್ಡಿಯ ಹಕ್ಕು ಗಟ್ಟಿಯೇ, ಸಡಿಲವಿರುವುದು ವಸೂಲಿ. ಬಿಲ್ಡರ್ ಬಳಿ ಮಾರಾಟವಾಗದ ಫ್ಲ್ಯಾಟು, ಓಡುವ ಖಾತೆ ಇರುವಾಗಲೇ ದೂರು ಹಾಕಿದವರಿಗೆ ಹಣ ಕೈಸೇರುವ ಸಾಧ್ಯತೆ ಹೆಚ್ಚು. ನಿಮ್ಮ ಒಪ್ಪಂದದ ಗಡುವು ಮೀರಿದ್ದರೆ ಮುಂದಿನ ಭರವಸೆಯ ಪತ್ರಕ್ಕಾಗಿ ಕಾಯಬೇಡಿ. ರಸೀದಿಗಳನ್ನು ದಿನಾಂಕವಾರು ಜೋಡಿಸಿ, ಬಡ್ಡಿಯ ಪಟ್ಟಿ ಬರೆದು ಫಾರಂ ಎನ್ ತುಂಬಿ.