‘ಮೂತಿ’ಯವರಿಗೆ ಬಂದ ಕರೆ

2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು: ‘ಶ್ರೀನಿವಾಸ ಮೂತಿಯವರೇ, ನಿಮ್ಮ ಪಿಂಚಣಿಯ ಚಿಂತೆ ನಮ್ಮದು.’ ಮೂರ್ತಿ ಹೋಗಿ ಮೂತಿಯಾದದ್ದು ಕಂಡು ಮೊಮ್ಮಗ ಬಿದ್ದು ಬಿದ್ದು ನಕ್ಕ. ಅದೇ ಪಕ್ಷ ಅವನಿಗೆ ಉದ್ಯೋಗದ ಮಾತು ಕಳಿಸಿತ್ತು, ಸೊಸೆಗೆ ಅಡುಗೆ ಅನಿಲದ್ದು.

ನಗು ಮುಗಿದ ಮೇಲೆ ನನ್ನ ಹಳೆಯ ಗುಮಾಸ್ತಬುದ್ಧಿ ಎದ್ದಿತು. ಲೆಕ್ಕ ತಾಳೆಯಾಗದಿದ್ದರೆ ತಪ್ಪು ಮೊದಲು ಯಾವ ಪುಟದಲ್ಲಿ ಹುಟ್ಟಿತೆಂದು ಹುಡುಕುವುದು ಬ್ಯಾಂಕಿನ ಪದ್ಧತಿ. ನನ್ನ ಹೆಸರಿನ ಅರ್ಕಾವೊತ್ತು ಬಿದ್ದುಹೋಗಿರುವುದು ಒಂದೇ ಕಡೆ, ಮತದಾರರ ಪಟ್ಟಿಯಲ್ಲಿ. ಆ ಪಟ್ಟಿ ಗುಟ್ಟಿನದಲ್ಲ. ಮಾನ್ಯತೆ ಪಡೆದ ಪಕ್ಷಗಳಿಗೆ ಆಯೋಗವೇ ಪ್ರತಿ ಕೊಡುತ್ತದೆ. ಅದರಲ್ಲಿ ವಯಸ್ಸು, ಲಿಂಗ, ಮನೆ ನಂಬರು ಇರುತ್ತವೆ. ಎಪ್ಪತ್ತು ದಾಟಿದವರಿಗೆ ಪಿಂಚಣಿ, ಹತ್ತೊಂಬತ್ತರವರಿಗೆ ಉದ್ಯೋಗ ಎಂದು ವಿಂಗಡಿಸಲು ಅಷ್ಟು ಸಾಕು.

ಆದರೆ ಫೋನ್ ನಂಬರು ಅಲ್ಲಿ ಅಚ್ಚಾಗುವುದಿಲ್ಲ. ಅಂದರೆ ಯಾರೋ ಇನ್ನೊಂದು ಪಟ್ಟಿ ತಂದು ಇದಕ್ಕೆ ಜೋಡಿಸಿದ್ದಾರೆ. ಬಟ್ಟೆಯಂಗಡಿಯ ಬಿಲ್ಲು, ಲಕ್ಕಿ ಡ್ರಾ ಕೂಪನ್ನು, ಮನೆ ಬಾಗಿಲಿಗೆ ಬಂದ ಸಮೀಕ್ಷೆ ಹೀಗೆ ಎಲ್ಲೆಲ್ಲಿ ನಂಬರು ಬರೆದುಕೊಟ್ಟಿದ್ದೇನೋ! ಸೀರೆಯ ರಿಯಾಯಿತಿಗೆಂದು ಕೊಟ್ಟ ನಂಬರು ವೋಟು ಕೇಳಲು ಬಳಕೆಯಾದರೆ ಅದಕ್ಕೆ ನನ್ನ ಒಪ್ಪಿಗೆ ಇತ್ತೆನ್ನಬಹುದೇ? ಬ್ಯಾಂಕಿನಲ್ಲಿ ಗ್ರಾಹಕರ ವಿವರ ಹೊರಗೆ ಬಿಟ್ಟರೆ ನಮ್ಮ ಕೆಲಸಕ್ಕೇ ಕುತ್ತು.

ಎರಡು ದಿನ ಬಿಟ್ಟು ಕರೆ ಬಂತು. ಧ್ವನಿಮುದ್ರಿಕೆ. ‘ಬೆಂಬಲಿಸುವುದಾದರೆ ಒಂದು ಒತ್ತಿ.’ ನನ್ನ ಹೆಂಡತಿ ಪಾಪ, ಕರೆ ನಿಲ್ಲಲಿ ಎಂದು ಒಂದನ್ನೇ ಒತ್ತಿಬಿಟ್ಟಳು. ಒತ್ತಿದ ಗುಂಡಿ, ಕೇಳಿದ ಸೆಕೆಂಡು ಎಲ್ಲವನ್ನೂ ಯಂತ್ರ ದಾಖಲಿಸಬಲ್ಲದು. ಸುಮ್ಮನೆ ಫೋನ್ ಇಟ್ಟಿದ್ದರೆ ಅಷ್ಟರಮಟ್ಟಿಗೆ ಕಡಿಮೆ ತಿಳಿಯುತ್ತಿತ್ತು.

ಚುನಾವಣೆಯ ಕರಪತ್ರದ ಅಡಿಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹಾಗೆನ್ನುತ್ತದೆ. ಈ ಕರೆಯಲ್ಲಿ ಅಂಥ ಹೆಸರೇ ಇರಲಿಲ್ಲ. ರಾಜಕೀಯ ಜಾಹೀರಾತಿನ ಸಗಟು ಸಂದೇಶ, ಧ್ವನಿಕರೆಗಳಿಗೆ ಆಯೋಗದ ಮಾಧ್ಯಮ ಸಮಿತಿಯಿಂದ ಮೊದಲೇ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವೇನೋ ಇದೆ. ಪಡೆದಿದ್ದರೋ ಇಲ್ಲವೋ, ಕಿವಿಗೆ ಫೋನ್ ಹಿಡಿದವನಿಗೆ ಗೊತ್ತಾಗುವ ದಾರಿಯಿಲ್ಲ. ಡಿಎನ್‌ಡಿ ಮಾಡಿಸಿದ್ದೆನಲ್ಲಾ ಎಂದುಕೊಂಡೆ. ಆ ಏರ್ಪಾಡು ಇರುವುದು ವ್ಯಾಪಾರದ ಕರೆಗಳಿಗೆ. ಇನ್ನು ಕರಪತ್ರವಾದರೆ ಇಡೀ ಬೀದಿ ಓದುತ್ತದೆ, ಸುಳ್ಳಿದ್ದರೆ ಎದುರಾಳಿ ಅಲ್ಲೇ ಉತ್ತರಿಸುತ್ತಾನೆ. ನನ್ನೊಬ್ಬನ ಕಿವಿಗೆ ಹೇಳಿದ್ದನ್ನು ಅವನು ಕೇಳುವುದೆಲ್ಲಿ?

ಮತ ಕೇಳಲು ಬಂದ ಹುಡುಗನನ್ನು ವಿಚಾರಿಸಿದೆ. ‘ಅದೆಲ್ಲಾ ಏಜೆನ್ಸಿಯವರು ನೋಡ್ಕೋತಾರೆ ಸಾರ್’ ಎಂದ.

ನಾನು ಫಾರಂ 8 ತುಂಬಿ ಹೆಸರು ಸರಿಪಡಿಸಿಕೊಂಡೆ. ಪಟ್ಟಿಯಲ್ಲಿ ಮೂರ್ತಿಯಾದೆ. ಮರುವರ್ಷ ಲೋಕಸಭಾ ಚುನಾವಣೆ ಬಂತು, ಸಂದೇಶವೂ ಬಂತು: ‘ಮೂತಿಯವರೇ, ನಮಸ್ಕಾರ.’