ಖಾಲಿ ಮನೆಯ ಲೆಕ್ಕ

ಪುಣೆಯಲ್ಲಿ ನನ್ನ ಕೆಲಸ ಸ್ಕ್ಯಾನ್ ಆದ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಎಕ್ಸೆಲ್‌ಗೆ ಇಳಿಸುವುದು. ‘ಒಸಿಆರ್ ಅಕ್ಷರಗಳನ್ನೆಲ್ಲ ಸರಿಯಾಗಿ ಓದಿದೆಯಲ್ಲ, ಇನ್ನೇನು ಬಾಕಿ?’ ಎಂದು ಹೊಸಬರು ಕೇಳುತ್ತಾರೆ. ಆಗ ನಾನು ಒಂದು ಸಾಲು ತೋರಿಸುತ್ತೇನೆ.

ಸ್ಟೇಟ್‌ಮೆಂಟಿನಲ್ಲಿ ದಿನಾಂಕ, ವಿವರ, ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್ ಎಂಬ ಐದು ಕಾಲಂಗಳಿವೆ. ಒಸಿಆರ್ ಕೊಟ್ಟದ್ದು ‘05-04 ಚೆಕ್ 2,000 18,500’. ಒಂದು ಅಂಕಿಯೂ ತಪ್ಪಿಲ್ಲ. ಆದರೆ 2,000 ಬಂದ ಹಣವೋ, ಹೋದ ಹಣವೋ? ಕಾಗದದ ಮೇಲೆ ಅದನ್ನು ಹೇಳುತ್ತಿದ್ದದ್ದು ಪಕ್ಕದ ಖಾಲಿ ಜಾಗ. ಅಲ್ಲಿ ಓದಲು ಏನೂ ಇಲ್ಲದ್ದರಿಂದ ಒಸಿಆರ್ ಅದನ್ನು ಬಿಟ್ಟುಬಿಟ್ಟಿತು.

ಟೇಬಲ್ ಗುರುತಿಸುವ ತಂತ್ರಾಂಶ ಮೊದಲು ಗೆರೆಗಳನ್ನು ಹುಡುಕುತ್ತದೆ. ಗೆರೆ ಇಲ್ಲದಿದ್ದರೆ ಅಂಕಿಗಳ ಬಲ ಅಂಚು ಎಲ್ಲೆಲ್ಲಿ ಒಂದರ ಕೆಳಗೊಂದು ನಿಂತಿದೆ ಎಂದು ನೋಡಿ ಕಾಲಂ ಗೊತ್ತುಮಾಡುತ್ತದೆ. ಆಮೇಲೆ ಪ್ರತಿ ಪದವನ್ನೂ ಅದರ ಮನೆಗೆ ಸೇರಿಸುತ್ತದೆ. ಖಾಲಿ ಮನೆ ಖಾಲಿಯಾಗಿಯೇ ಉಳಿಯುತ್ತದೆ.

ಇದೂ ಎಡವುವುದುಂಟು. ಪುಟ ಓರೆಯಾಗಿದ್ದರೆ ಮೊತ್ತ ಪಕ್ಕದ ಕಾಲಂಗೆ ಜಾರುತ್ತದೆ. ಕಂಡುಹಿಡಿಯುವುದು ಸುಲಭ. ಹಿಂದಿನ ಬ್ಯಾಲೆನ್ಸ್ 20,500 ಎನ್ನಿ. 2,000 ಕ್ರೆಡಿಟ್‌ಗೆ ಬಿದ್ದರೆ ಲೆಕ್ಕ 22,500 ಆಗುತ್ತದೆ, ಮುದ್ರಿತ 18,500ಕ್ಕಿಂತ 4,000 ಹೆಚ್ಚು. ವ್ಯತ್ಯಾಸ ಮೊತ್ತದ ಸರಿಯಾಗಿ ಇಮ್ಮಡಿಯಾಗಿದ್ದರೆ ಮೊದಲು ಕಾಲಂ ನೋಡಿ. ಇಲ್ಲವಾದರೆ ಅಂಕಿ ನೋಡಿ.